ಅಡಾಪ್ಟರ್, ಹೊಸ ಕೇಬಲ್, ಹತ್ತಿಕಡ್ಡಿ: ನನ್ನ ವಾಚು ಚಾರ್ಜ್ ಆಗಿದ್ದು ಯಾವುದರಿಂದ?

ಉಣಕಲ್ ಕೆರೆ ಸುತ್ತಿ ಬಂದ ಕೂಡಲೇ ಬೆವರಿನ ಕೈಯಿಂದ ವಾಚು ಬಿಚ್ಚಿ ಚಾರ್ಜಿಂಗಿಗೆ ಹಚ್ಚುವುದು ನನ್ನ ರೂಢಿ. ಮೇ ತಿಂಗಳಲ್ಲಿ ಒಂದು ದಿನ ಚಾರ್ಜಿಂಗ್ ಡಾಕ್ ಮೇಲೆ ಟಕ್ ಅಂತ ಕೂತಿತು, ಮಿಂಚಿನ ಗುರುತು ಮಾತ್ರ ಬರಲಿಲ್ಲ. ಬೆರಳಿನಿಂದ ಒತ್ತಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಅಷ್ಟಕ್ಕೇ ತಿಳಿಯಬೇಕಿತ್ತು, ತಿಳಿಯಲಿಲ್ಲ.

ಮೊದಲು ಅನುಮಾನ ಬಂದದ್ದು ಅಡಾಪ್ಟರ್ ಮೇಲೆ. ಮೊಬೈಲಿನ 67 ವ್ಯಾಟ್‌ನದು, ಹಳೆಯ 5 ವೋಲ್ಟ್ 1 ಆಂಪಿನದು, ಲ್ಯಾಪ್‌ಟಾಪ್ ಪೋರ್ಟು, ಮೂರನ್ನೂ ನೋಡಿದೆ. ನಡುವೆ ಸಿಕ್ಕಿಸಿದ ಯುಎಸ್‌ಬಿ ಮೀಟರ್ ಮೂರರಲ್ಲೂ ಸುಮಾರು 5 ವೋಲ್ಟ್, 0.00 ಆಂಪ್ ತೋರಿಸಿತು. ವೋಲ್ಟೇಜ್ ಬರುತ್ತಿದೆ, ವಾಚು ಕರೆಂಟು ಎಳೆದುಕೊಳ್ಳುತ್ತಿಲ್ಲ. ದೊಡ್ಡ ಅಡಾಪ್ಟರ್ ಹಾಕಿದರೆ ಬೇಗ ತುಂಬುತ್ತದೆ ಅನ್ನುವುದೂ ಇಲ್ಲಿ ನಡೆಯಲ್ಲ; ಎಷ್ಟು ಬೇಕೋ ಅಷ್ಟನ್ನೇ ವಾಚು ತಗೊಳ್ಳುತ್ತದೆ.

ಆಮೇಲೆ ಕೊಪ್ಪೀಕರ್ ರೋಡಿಗೆ ಹೋಗಿ 150 ರೂಪಾಯಿಯ ಎರಡು ಪಿನ್ನಿನ ಕೇಬಲ್ ತಂದೆ. ‘ಎಲ್ಲಾ ವಾಚಿಗೂ ಆಗತೈತ್ರಿ’ ಅಂದ ಅಂಗಡಿಯಾಂವ. ಆಗಲ್ಲ. ಪಿನ್ನುಗಳ ನಡುವಿನ ಅಂತರ ಒಂದರಲ್ಲಿ 2.84 ಮಿ.ಮೀ., ಇನ್ನೊಂದರಲ್ಲಿ 4 ಮಿ.ಮೀ. ಇರುತ್ತದೆ. ಅಂತರ ಸರಿಯಿದ್ದರೂ ಪ್ಲಸ್-ಮೈನಸ್ ಅದಲುಬದಲಾಗಿರಬಹುದು, ಅದು ವಾಚಿಗೇ ಅಪಾಯ. ಹಳೆಯದರ ಜೊತೆ ಮಲ್ಟಿಮೀಟರಿನಲ್ಲಿ ತಾಳೆ ನೋಡಿ ಹಚ್ಚಿದೆ. ಹೊಸ ಪಿನ್ನಿನ ಸ್ಪ್ರಿಂಗ್ ಗಟ್ಟಿ ಇದ್ದದ್ದಕ್ಕೋ ಏನೋ, ಹತ್ತು ನಿಮಿಷ ಚಾರ್ಜ್ ಆಗಿ ನಿಂತಿತು. ರೊಕ್ಕ ಹೋಯಿತು, ಸುಳಿವು ಸಿಕ್ಕಿತು: ಕೆಟ್ಟದ್ದು ವಾಚಿನ ಬೆನ್ನಲ್ಲೇ.

ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ, ಡಾಕಿನ ಪಿನ್ನುಗಳು ತಾಗುವ ಎರಡು ಲೋಹದ ಬಿಲ್ಲೆಗಳಲ್ಲಿ ಒಂದು ಚಿನ್ನದ ಬಣ್ಣಕ್ಕಿದೆ, ಇನ್ನೊಂದರ ಅಂಚಿಗೆ ಹಸಿರು ಕಿಲುಬು. ಕಿಲುಬು ಹಿಡಿದದ್ದು ಪ್ಲಸ್ ಕಡೆಯದೇ. ಒದ್ದೆ ವಾಚನ್ನು ಡಾಕಿಗೆ ಇಟ್ಟಾಗ ಬೆವರಿನ ಉಪ್ಪುನೀರಿನ ಮೂಲಕ ಕರೆಂಟು ಹರಿದು, ಪ್ಲಸ್ ಬದಿಯ ಲೋಹ ಕರಗುತ್ತ ಹೋಗುತ್ತದೆ. ಬೆವರಿಗಿಂತ ನನ್ನ ಅವಸರದ್ದೇ ತಪ್ಪು.

ಶಾಲೆಯ ರಬ್ಬರ್ ಕಪ್ಪು ಪೊರೆ ತೆಗೆಯಿತು, ಆದರೆ ಜೋರಾಗಿ ಉಜ್ಜಿದರೆ ಚಿನ್ನದ ಲೇಪವೂ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಜಿಡ್ಡಿಗೆ ಸರಿ, ಉಪ್ಪು ಮಾತ್ರ ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿದೆ, ಕಿಲುಬನ್ನು ಮರದ ಟೂತ್‌ಪಿಕ್‌ನಿಂದ ಕೆರೆದೆ, ಕೊನೆಗೆ ಆಲ್ಕೋಹಾಲ್. ಹಳೆಯ ಡಾಕಿನ ಒಂದು ಪಿನ್ ಕೂಡ ಒಳಗೇ ಕಚ್ಚಿಕೊಂಡಿತ್ತು. ಪ್ಲಗ್ ಕಿತ್ತು, ಒಂದು ಹನಿ ಆಲ್ಕೋಹಾಲ್ ಬಿಟ್ಟು, ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಪುಟಿದು ಮೇಲೆ ಬಂತು.

ಅರ್ಧ ತಾಸು ಒಣಗಿಸಿ ಹಳೆಯ ಕೇಬಲ್, ಹಳೆಯ ಅಡಾಪ್ಟರ್‌ಗೇ ಹಚ್ಚಿದೆ. ಮೀಟರ್‌ನಲ್ಲಿ 0.21 ಆಂಪ್. ಎರಡು ತಾಸಿನಲ್ಲಿ ತುಂಬಿತು. ಆ ಪ್ಲಸ್ ಬಿಲ್ಲೆಯ ಅಂಚಿನಲ್ಲಿ ಲೇಪ ಹೋಗಿ ತಾಮ್ರದ ಕೆಂಪು ಕಾಣುತ್ತಿದೆ. ಅಲ್ಲಿ ಮತ್ತೆ ಹಸಿರಾಗುವುದೇ. ಈಗ ವಾಚು ಬಿಚ್ಚಿದ ಮೇಲೆ ಒರೆಸಿ, ಚಹಾ ಕುಡಿದು, ಆಮೇಲೆ ಹಚ್ಚುತ್ತೇನೆ.