ಬೊಮ್ಮಾಯಿ ತೀರ್ಪನ್ನು ನಾಲ್ಕು ಕಡೆ ಹುಡುಕಿದೆ

ಅಸೈನ್‌ಮೆಂಟಿಗೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂವಿಧಾನದ 356ನೇ ವಿಧಿ ಬಂದಾಗ, ಹುಬ್ಬಳ್ಳಿಯವಳಾದ ನನಗೆ ಎಸ್.ಆರ್. ಬೊಮ್ಮಾಯಿ ಪ್ರಕರಣ ಮನೆಯ ಮಾತಿನಂತೆ ಅನಿಸಿತು. ಅವರು ಹುಬ್ಬಳ್ಳಿ ಗ್ರಾಮೀಣದಿಂದ ಗೆದ್ದಿದ್ದವರು. ಅವರು ಮುಖ್ಯಮಂತ್ರಿಯಾಗಿದ್ದಾಗ, 1989ರ ಏಪ್ರಿಲ್‌ನಲ್ಲಿ, ಇದೇ ವಿಧಿಯಡಿ ಅವರ ಸರ್ಕಾರ ವಜಾ ಆಯಿತು. ಆ ಧೈರ್ಯದಲ್ಲಿ ಗೈಡ್‌ನಲ್ಲಿದ್ದುದನ್ನು ಹಾಗೆಯೇ ಇಳಿಸಿಕೊಂಡೆ: "ಎಐಆರ್ 1990 ಎಸ್‌ಸಿ 5, ಸುಪ್ರೀಂ ಕೋರ್ಟ್ ಬೊಮ್ಮಾಯಿ ಸರ್ಕಾರವನ್ನು ಮರಳಿ ಸ್ಥಾಪಿಸಿತು."

ಆದರೆ ತರಗತಿಯ ಟಿಪ್ಪಣಿಯಲ್ಲಿ ತೀರ್ಪಿನ ದಿನಾಂಕ 1994ರ ಮಾರ್ಚ್ 11 ಎಂದಿತ್ತು. ಎಐಆರ್ ಎಂಬುದು ತೀರ್ಪುಗಳನ್ನು ಅಚ್ಚು ಮಾಡುವ ವರದಿ ಸರಣಿ; ಅದರ ಮುಂದಿನ 1990 ಸಂಪುಟದ ವರ್ಷ. ತೀರ್ಪು ಹೊರಬಂದ ವರ್ಷಕ್ಕಿಂತ ಅಚ್ಚಾದ ಸಂಪುಟದ ವರ್ಷ ಹಿಂದಿರಲು ಸಾಧ್ಯವೇ?

ಮೊದಲು ಇಂಡಿಯನ್ ಕಾನೂನ್ ಜಾಲತಾಣ ತೆರೆದೆ. ಗುಟ್ಟು ಅಲ್ಲಿಯೇ ಬಯಲಾಯಿತು. ಅದೇ ಹೆಸರಿನ ತೀರ್ಪುಗಳು ಎರಡು. ಎಐಆರ್ 1990 ಕರ್ನಾಟಕ 5 ನಮ್ಮ ಹೈಕೋರ್ಟಿನದು. ಅದು ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತ್ತು. ಸುಪ್ರೀಂ ಕೋರ್ಟಿನದು ಎಸ್‌ಸಿಸಿ ಎಂಬ ಇನ್ನೊಂದು ವರದಿ ಸರಣಿಯಲ್ಲಿ (1994) 3 ಎಸ್‌ಸಿಸಿ 1. ಗೈಡ್ "ಕರ್ನಾಟಕ" ಇದ್ದಲ್ಲಿ "ಎಸ್‌ಸಿ" ಎಂದು ಹಾಕಿತ್ತು. ಅಂದರೆ ಸೋತ ತೀರ್ಪಿನ ಸಂಖ್ಯೆಯನ್ನು ಗೆದ್ದ ತೀರ್ಪಿಗೆ ಅಂಟಿಸಿತ್ತು! ಹೀಗೆ ನ್ಯಾಯಾಲಯ ಮತ್ತು ವರ್ಷವನ್ನು ಬಿಡಿಸಿಕೊಳ್ಳಲು ಈ ತಾಣದಷ್ಟು ಚುರುಕಾದದ್ದು ಬೇರೆ ಇಲ್ಲ. ಆದರೆ ಒಂಬತ್ತು ನ್ಯಾಯಮೂರ್ತಿಗಳು, ಹಲವು ಪ್ರತ್ಯೇಕ ಅಭಿಪ್ರಾಯಗಳು. ಮೊಬೈಲ್ ಪರದೆಯಲ್ಲಿ ಒಬ್ಬರ ಮಾತು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಯಿತೆಂದು ತಿಳಿಯದೆ ಸೋತೆ.

ಅದಕ್ಕೆ ಇ-ಎಸ್‌ಸಿಆರ್ ವಾಸಿ. ಸುಪ್ರೀಂ ಕೋರ್ಟಿನ ಅಧಿಕೃತ ವರದಿ ಅಲ್ಲಿ ಉಚಿತ. ಈ ತೀರ್ಪು 1994ರ ಎರಡನೇ ಸಂಪುಟದ 644ನೇ ಪುಟದಿಂದ ಆರಂಭ. ಮಾತು ಯಾರದೆಂದು ಪುಟದ ತಲೆಯ ಹೆಸರಿನಿಂದಲೇ ಗೊತ್ತಾಗುತ್ತದೆ. ಒಬ್ಬ ನ್ಯಾಯಮೂರ್ತಿಯ ವಾಕ್ಯವನ್ನು "ನ್ಯಾಯಾಲಯ ಹೇಳಿತು" ಎಂದು ಬರೆಯಲು ಹೊರಟಿದ್ದ ನನ್ನನ್ನು ಇದೇ ತಡೆಯಿತು. ಇಲ್ಲಿರುವ ಬಲೆ ಆರಂಭದ ಸಾರಾಂಶ. ಚೊಕ್ಕಟವಾಗಿರುತ್ತದೆ, ನಕಲು ಮಾಡುವ ಆಸೆ ಹುಟ್ಟುತ್ತದೆ. ಆದರೆ ಅದು ಸಂಪಾದಕರ ಬರಹ, ತೀರ್ಪಿನ ಭಾಗವಲ್ಲ.

ಒಳಗೆ ಓದಿದಾಗ ಗೈಡ್‌ನ ಎರಡನೇ ತಪ್ಪೂ ಸಿಕ್ಕಿತು. ಬಹುಮತವನ್ನು ಅಳೆಯಬೇಕಾದದ್ದು ಸದನದಲ್ಲಿ, ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಅಷ್ಟರೊಳಗೆ ಚುನಾವಣೆ ಮುಗಿದು ಹೊಸ ವಿಧಾನಸಭೆ ಬಂದಿತ್ತು. ಹಾಗಾಗಿ ಯಾವ ಸರ್ಕಾರವೂ ಮರಳಿ ಬರಲಿಲ್ಲ.

ಕಾಲೇಜಿನ ಗ್ರಂಥಾಲಯದ ಎಸ್‌ಸಿಸಿ ಸಂಪುಟ ನನಗೆ ಬೇಕಾದದ್ದು ಪ್ಯಾರಾ ಸಂಖ್ಯೆಗೆ ಮಾತ್ರ. ಅಡಿಟಿಪ್ಪಣಿಯಲ್ಲಿ ಎಸ್‌ಸಿಸಿ ಎಂದು ಬರೆದು, ಪ್ಯಾರಾವನ್ನು ಜಾಲತಾಣದಿಂದ ಎತ್ತಿದರೆ ಎರಡೂ ತಾಳೆಯಾಗುತ್ತವೆಂಬ ಖಾತರಿ ಇಲ್ಲ.

ಗೈಡ್ ಈಗಲೂ ಮೇಜಿನ ಮೇಲಿದೆ, ಪ್ರಕರಣಗಳ ಹೆಸರು ನೋಡಲು.