ವಾಟ್ಸಾಪ್ ಚಾಟ್ ಪ್ರಿಂಟ್: ಸ್ಕ್ರೀನ್‌ಶಾಟ್ ಒಳ್ಳೇದಾ, ಎಕ್ಸ್‌ಪೋರ್ಟ್ ಒಳ್ಳೇದಾ?

ನಮ್ಮವರು ಕೆನಡಾದಲ್ಲಿದ್ದಾರೆ, ನಾನು ಹುಬ್ಬಳ್ಳಿಯಲ್ಲಿ. ನನ್ನನ್ನು ಅಲ್ಲಿಗೆ ಕರೆಸಿಕೊಳ್ಳುವ ಸ್ಪಾನ್ಸರ್‌ಶಿಪ್ ಫೈಲಿಗೆ ನಮ್ಮಿಬ್ಬರ ಚಾಟ್ ಇಡಬೇಕಿತ್ತು. ಕೆನಡಾ ವಲಸೆ ಇಲಾಖೆಯ ಚೆಕ್‌ಲಿಸ್ಟಿನಲ್ಲಿ ಇಂಥ ಸಾಕ್ಷಿಗೆ ಹೆಚ್ಚೆಂದರೆ 10 ಪುಟ. ಅಷ್ಟರಲ್ಲೇ ಮದುವೆಗೆ ಮುಂಚಿನಿಂದ ಇವತ್ತಿನವರೆಗಿನ ಮಾತು ಕಾಣಬೇಕು.

ಮೊದಲು ಸ್ಕ್ರೀನ್‌ಶಾಟ್. ನೋಡೋಕೆ ಚೆಂದ, ಫೋಟೊ, ಕಾಲ್ ಎಲ್ಲಾ ಇದ್ದಂತೆ ಬರುತ್ತವೆ. ಆದರೆ ಮೆಸೇಜಿನ ಪಕ್ಕ ಬರೀ ಗಂಟೆ ಇರುತ್ತದೆ, ತಾರೀಕು ಆ ದಿನದ ಮೇಲ್ಗಡೆ ಒಂದೇ ಸಲ ಬರುತ್ತದೆ. ಮಧ್ಯದ ತುಣುಕು ತೆಗೆದರೆ ಅದು ಯಾವ ವರ್ಷದ್ದು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಪುಟಕ್ಕೆ ನಾಲ್ಕು ಹಾಕಿದರೆ ಅಕ್ಷರ ತೀರಾ ಸಣ್ಣ. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ನೇರವಾಗಿ ಪ್ರಿಂಟ್ ಕೊಟ್ಟೂ ನೋಡಿದೆ, ಪರದೆ ಮೇಲೆ ಕಾಣುವಷ್ಟೇ ಬಂತು, ಹಾಗಾಗಿ ಅದನ್ನು ಬಿಟ್ಟೆ.

ನನಗೆ ಗೆದ್ದದ್ದು ಎಕ್ಸ್‌ಪೋರ್ಟ್. ಆಂಡ್ರಾಯ್ಡ್ ಫೋನಿನಲ್ಲಿ ಚಾಟ್ ತೆರೆದು ಮೂರು ಚುಕ್ಕೆ, More, Export chat, Without media. ಬರುವ .txt ಫೈಲಿನಲ್ಲಿ ಪ್ರತಿ ಮೆಸೇಜಿಗೂ ತಾರೀಕು, ಗಂಟೆ, ಹೆಸರು ಇರುತ್ತದೆ:

```
14/03/23, 9:14 pm - ಹೆಸರು: oota aata?
```

ಇಲ್ಲಿ ಎರಡು ಕೆಲಸ ಎಕ್ಸ್‌ಪೋರ್ಟಿಗೆ ಮೊದಲೇ ಆಗಬೇಕು. ಕಾಂಟ್ಯಾಕ್ಟಿನಲ್ಲಿ ಅವರನ್ನು ಮುದ್ದಿನ ಹೆಸರಲ್ಲಿ ಸೇವ್ ಮಾಡಿದ್ದರೆ ಸಾಲುಸಾಲಿಗೂ ಅದೇ ಬರುತ್ತದೆ, ಅದಕ್ಕೆ ಪಾಸ್‌ಪೋರ್ಟಿನ ಹೆಸರು ಹಾಕಿ. ಇನ್ನೊಂದು, ಫೋನಿನ ಭಾಷೆ ಅಮೆರಿಕದ ಇಂಗ್ಲಿಷಿಗೆ ಇದ್ದರೆ ತಿಂಗಳು ಮೊದಲು, ದಿನ ಆಮೇಲೆ ಬರುತ್ತದೆ. 3/4/24 ಅಂದರೆ ಮಾರ್ಚೋ ಏಪ್ರಿಲ್ಲೋ ತಿಳಿಯೋದಿಲ್ಲ. ಮೊದಲೆರಡು ಸಂಖ್ಯೆಗಳಲ್ಲಿ 12ಕ್ಕಿಂತ ದೊಡ್ಡದು ಎಲ್ಲಿ ಬರುತ್ತದೆ ಅಂತ ಹುಡುಕಿ, ದಿನ ಅಲ್ಲಿರುತ್ತದೆ.

ಫೈಲ್ ತೆರೆದಾಗ ಕನ್ನಡದ ಜಾಗದಲ್ಲಿ à² ಅಂತ ಸಾಲುಗಟ್ಟಿ ಕಂಡರೆ ಹೆದರಬೇಡಿ, ಚಾಟ್ ಕೆಟ್ಟಿಲ್ಲ. ವರ್ಡ್ ಆಗಲಿ ಲಿಬ್ರೆ ಆಫೀಸ್ ಆಗಲಿ, ತೆರೆಯುವಾಗ ಎನ್‌ಕೋಡಿಂಗ್ UTF-8 ಆರಿಸಿದರೆ ಸರಿಹೋಗುತ್ತದೆ. ಫಾಂಟ್ Nirmala UI ಅಥವಾ Noto Sans Kannada ಇಡಿ. ಪುಟದ ಮೇಲೆ ಇಬ್ಬರ ಹೆಸರು, ಕೆಳಗೆ ಪುಟದ ಸಂಖ್ಯೆ. ಡಿಟಿಪಿ ಅಂಗಡಿಗೆ ಪಿಡಿಎಫ್ ಮಾಡಿಯೇ ಒಯ್ಯಿರಿ, ವರ್ಡ್ ಫೈಲ್ ಒಯ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಅಕ್ಷರ ಚೌಕಗಳಾಗಬಹುದು.

ಆದರೆ .txt ಅನ್ನು ಯಾರು ಬೇಕಾದರೂ ತಿದ್ದಬಹುದು, ಅದು ಇದರ ನಿಜವಾದ ಕೊರತೆ. ಅದಕ್ಕೇ ಎಂಟು ಪುಟ ಎಕ್ಸ್‌ಪೋರ್ಟ್, ಎರಡು ಪುಟ ಸ್ಕ್ರೀನ್‌ಶಾಟ್ ಇಟ್ಟೆ, ಅದೇ ದಿನಗಳದ್ದು, ತಾರೀಕು ಕಾಣುವ ಹಾಗೆ. ಬೇರೆ ಬೇರೆ ತಿಂಗಳಿಂದ ಒಂದೊಂದು ದಿನ ಆರಿಸಿದೆ, ಆರಿಸಿದ ದಿನದೊಳಗೆ ಒಂದು ಸಾಲೂ ಅಳಿಸಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಕನ್ನಡವೇ, ಅದಕ್ಕೂ ಅನುವಾದ ಜೋಡಿಸಬೇಕು.

ಇಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿಗೆ ಅಂತ ಮಾತ್ರ ಇಷ್ಟೆಲ್ಲಾ ಮಾಡಬೇಡಿ. ಅಲ್ಲಿ ಬೇಕಾಗೋದು ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೊ, ಸಾಕ್ಷಿಗಳು.