ವಿಡಿಯೊ ರೆಸ್ಯೂಮೆಗೆ ಮುಂಗಡ ಕೊಡುವ ಮುನ್ನ ಇದನ್ನೊಮ್ಮೆ ಓದಿ

ಕೆಲಸ ಹುಡುಕುವ ಹುಡುಗರಿಗೆ "ವಿಡಿಯೊ ರೆಸ್ಯೂಮೆ ಮಾಡಿಕೊಡ್ತೀವಿ" ಎಂದು ದುಡ್ಡು ಕೀಳುವವರ ಕೈಗೆ ಹುಬ್ಬಳ್ಳಿಯಲ್ಲಿ ನನ್ನ ತಮ್ಮ ಸಿಕ್ಕಿಬಿದ್ದ. ಅಂಗಡಿಯ ಹೆಸರು ಹೇಳಲ್ಲ. ಆದದ್ದು ಹೇಳುತ್ತೇನೆ.

ಗೋಕುಲ ರಸ್ತೆ ಕಡೆಯ ಒಂದು ಕಂಪನಿ ಅಕೌಂಟ್ಸ್ ಕೆಲಸಕ್ಕೆ 90 ಸೆಕೆಂಡಿನ ವಿಡಿಯೊ ಕೇಳಿತ್ತು. ಸ್ಟುಡಿಯೊದವರು ಕೋಟು ಹಾಕಿಸಿ, ಮೂರು ನಿಮಿಷದ್ದು ಮಾಡಿಕೊಟ್ಟರು. ಶುರುವಿನಲ್ಲಿ ಸಂಗೀತ, ತಿರುಗುತ್ತಾ ಬರುವ ಹೆಸರು. ಆಮೇಲೆ ಶ್ರಮಜೀವಿ, ಬೇಗ ಕಲಿಯುತ್ತೇನೆ, ತಂಡದಲ್ಲಿ ಹೊಂದಿಕೊಳ್ಳುತ್ತೇನೆ. ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ ಮಾಡಿದ್ದು, ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ ಜೊತೆ ತಾಳೆ ನೋಡಿದ್ದು ಬಂದಿದ್ದು ಕಟ್ಟಕಡೆಗೆ. ಅಷ್ಟು ಹೊತ್ತು ಯಾರು ನೋಡ್ತಾರೆ?

ಕಂಪನಿಯಿಂದ ಫೋನ್ ಬಂತು: "ಓದಿದ ಹಾಗಿದೆ. ನಿಮಗೆ ಯಾವ ಕೆಲಸ ಬರುತ್ತೆ ಅಂತಾನೇ ತಿಳಿಯಲಿಲ್ಲ." ತಮ್ಮನ ಮುಖ ಸಣ್ಣದಾಯಿತು. "ಅಕ್ಕಾ, ಬರ್ದದ್ದು ನಾನಲ್ಲ, ಅವರ ಕೊಟ್ಟಿದ್ದನ್ನ ಓದೇನಿ" ಅಂದ. ಅದೇ ಅಂಗಡಿಗೆ ಹೋಗಿದ್ದ ಅವನ ಗೆಳೆಯನ ವಿಡಿಯೊ ತೆಗೆದು ನೋಡಿದೆವು. ಹೆಸರು, ಕಾಲೇಜು ಬಿಟ್ಟರೆ ಸಾಲುಗಳೆಲ್ಲ ಅವೇ!

ಓದಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಕಣ್ಣಿನಿಂದ. ಟಿವಿಯವರ ಪ್ರಾಂಪ್ಟರ್‌ನಲ್ಲಿ ಅಕ್ಷರಗಳು ಲೆನ್ಸ್ ಎದುರಿನ ಗಾಜಿನ ಮೇಲೇ ಬರುತ್ತವೆ. ಇವರು ಕ್ಯಾಮೆರಾ ಪಕ್ಕದಲ್ಲಿ ಟ್ಯಾಬ್ ಇಟ್ಟಿದ್ದರು. ಹಾಗಾಗಿ ನೋಟ ಪೂರ್ತಿ ಒಂದು ಕಡೆ ವಾಲಿತ್ತು, ಕಣ್ಣು ಸಾಲಿನ ಜೊತೆ ಓಡಾಡುತ್ತಿತ್ತು. ಕ್ಯಾಮೆರಾ ಹತ್ತಿರ ಇದ್ದಷ್ಟೂ ಇದು ಜಾಸ್ತಿ ಕಾಣುತ್ತದೆ.

ಕೊನೆಗೆ ಮನೆಯಲ್ಲೇ ಫೋನಿನಲ್ಲಿ ತೆಗೆದೆವು. ಫೋನ್ ಅಡ್ಡ, ಲೆನ್ಸ್ ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಪುಸ್ತಕಗಳ ಮೇಲೆ. ಎದೆಯಿಂದ ಮೇಲೆ ಕಾಣಬೇಕು, ತಲೆ ಮೇಲೆ ಸ್ವಲ್ಪ ಜಾಗ. ಕಿಟಕಿ ಅವನ ಎದುರಿಗೆ, ಬೆನ್ನಿಗಲ್ಲ. ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಫ್ಯಾನ್ ಬಂದ್. ಸೆಕೆ ಆಗುತ್ತೆ ನಿಜ, ಆದರೆ ಅದರ ಗುಂಯ್‌ಗುಡುವ ಸದ್ದು ಮೈಕಿಗೆ ಹೋಗುತ್ತದೆ.

ಬಾಯಿಪಾಠ ಮಾಡಿಸಲಿಲ್ಲ. ಪೂರ್ತಿ ಬರೆಸಿದ್ದು ಮೊದಲ ಸಾಲು ಮಾತ್ರ: ಯಾರು, ಯಾವ ಕೆಲಸ ಬರುತ್ತೆ. ಉಳಿದದ್ದಕ್ಕೆ ಲೆನ್ಸ್ ಕೆಳಗೆ ಅಂಟಿಸಿದ ಚೀಟಿಯಲ್ಲಿ ನಾಲ್ಕು ಅಂಶ: ಟ್ಯಾಲಿ, ತಾಳೆ, ಸಿಕ್ಕ ತಪ್ಪು, ಯಾವಾಗ ಸೇರಬಹುದು. "ಸಿಕ್ಕ ತಪ್ಪು" ಅಂದರೆ, ವ್ಯಾಪಾರಿಯೊಬ್ಬರ ಬಿಲ್ಲು ಪೋರ್ಟಲ್‌ನಲ್ಲಿ ಬಾರದೆ ಇದ್ದದ್ದನ್ನು ಇವನು ಹಿಡಿದಿದ್ದು. ಆ ಕತೆಗೆ ಬಂದಾಗ ಅವನ ದನಿಯೇ ಬೇರೆ ಆಯಿತು. ನಾನು ಫೋನಿನ ಹಿಂದೆ ನಿಂತಿದ್ದೆ, ನನಗೆ ಹೇಳಿದ ಹಾಗೆ ಹೇಳಿದ. ಗಡಿಯಾರ ಹಿಡಿದು ನೋಡಿ 80 ಸೆಕೆಂಡಿಗೆ ನಿಲ್ಲಿಸಿದೆವು.

ಸ್ಟುಡಿಯೊಗೇ ಹೋಗಬೇಕು ಅನ್ನುವವರು ಮುಂಗಡಕ್ಕೆ ಮೊದಲೇ ಅವರು ಮಾಡಿದ ಎರಡು ವಿಡಿಯೊ ತೋರಿಸಲು ಹೇಳಿ. ಸಾಲುಗಳು ಒಂದೇ ಇದ್ದರೆ ಎದ್ದು ಬನ್ನಿ. ಎಡಿಟ್ ಮಾಡದ ಮೂಲ ಫೈಲ್ ಕೊಡುತ್ತಾರಾ ಅಂತಲೂ ಕೇಳಿ. ನಮಗೆ ಅದನ್ನೂ ಕೊಡಲಿಲ್ಲ, ಹಣವನ್ನೂ ವಾಪಸ್ ಕೊಡಲಿಲ್ಲ.